ಬೆಟ್ಟ ಎಂದರೆ ಗುಡ್ಡವಲ್ಲ: ಎಮಿಕ್, ಎಟಿಕ್ ಎಂಬ ಎರಡು ಮಾತು

ಶಿರಸಿ ಹತ್ತಿರದ ಒಂದು ಅಡಿಕೆ ತೋಟದಲ್ಲಿ ನಮ್ಮ ವಿದ್ಯಾರ್ಥಿನಿ ಪ್ರಶ್ನಾವಳಿ ಹಿಡಿದು ಕೂತಿದ್ದಳು. ಕಾರವಾರದ ಹುಡುಗಿ, ಅವಳಿಗೆ ಘಟ್ಟದ ಮೇಲಿನ ಊರು ಹೊಸದು. ನಾಲ್ಕನೇ ಪ್ರಶ್ನೆ ಹೀಗಿತ್ತು: "ನಿಮ್ಮ ಬಳಕೆಯಲ್ಲಿರುವ ಕಾಡು ಎಷ್ಟು ಎಕರೆ?" ಮನೆಯ ಯಜಮಾನರು ತಲೆಯಾಡಿಸಿದರು. "ಕಾಡು ನಮ್ಮದಲ್ಲ ತಂಗಿ." ಅವಳು ಸೊನ್ನೆ ಬರೆದಳು. ಎದುರಿಗೇ, ತೋಟದ ಮೇಲ್ಬದಿಗೆ, ಮತ್ತಿ, ನಂದಿ, ಹೊನ್ನೆ ಮರಗಳು ದಟ್ಟವಾಗಿ ನಿಂತಿದ್ದವು. "ಹಾಗಾದ್ರೆ ಅದು?" ಎಂದು ಕೇಳಿದಳು. "ಅದು ಕಾಡಲ್ಲ, ಬೆಟ್ಟ. ಎಂಟೆಕರೆ."

ಅವಳು ನೋಟ್‌ಬುಕ್ಕಿನಲ್ಲಿ "ಗುಡ್ಡದ ಜಾಗ, ಎಂಟು ಎಕರೆ" ಎಂದು ಬರೆದುಕೊಂಡಳು. ಅಲ್ಲಿ ತಪ್ಪಾಯಿತು. ಶಿರಸಿ, ಸಿದ್ದಾಪುರದ ಕಡೆ ಬೆಟ್ಟ ಎಂದರೆ ಎತ್ತರದ ನೆಲ ಎಂದಷ್ಟೇ ಅರ್ಥವಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಜಾಗ ಅದು. ಮಳೆಗಾಲದ ಹಸಿ ಸೊಪ್ಪು, ಬೇಸಿಗೆಯ ದರಕು, ಕೊಟ್ಟಿಗೆಗೆ ಹಾಸುವ ಹುಲ್ಲು, ಎಲ್ಲವೂ ಅಲ್ಲಿಂದಲೇ ಬರಬೇಕು. ಬ್ರಿಟಿಷರ ಕಾಲದಿಂದಲೂ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಇದೆ. ನೆಲ ಸರ್ಕಾರದ್ದು, ಸೊಪ್ಪು ತೋಟದವರದು. ಉಪಗ್ರಹದ ಚಿತ್ರದಲ್ಲಿ ಇದು ಬರೀ ಮರ ಇರುವ ಜಾಗ, ಪಕ್ಕದ ಕಾಡಿಗೂ ಇದಕ್ಕೂ ಗೆರೆಯೇ ಕಾಣದು. ಯಜಮಾನರಿಗೆ ಮಾತ್ರ ಆ ಗೆರೆ ಅಂಗೈಯ ಗೆರೆಯಷ್ಟು ಸ್ಪಷ್ಟ.

ಎಮಿಕ್ ಮತ್ತು ಎಟಿಕ್ ಎಂಬ ಎರಡು ಪದಗಳನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಈ ಪದಗಳನ್ನು ಹುಟ್ಟುಹಾಕಿದವರು ಅಮೆರಿಕದ ಭಾಷಾವಿಜ್ಞಾನಿ ಕೆನೆತ್ ಪೈಕ್, 1954ರಲ್ಲಿ. ಫೊನೆಮಿಕ್, ಫೊನೆಟಿಕ್ ಎಂಬ ಪದಗಳ ಬಾಲವನ್ನಷ್ಟೇ ಕತ್ತರಿಸಿಕೊಂಡರು. ಆ ಮೂಲ ನೆನಪಿದ್ದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಹುಲಿ, ಹುಳಿ ಎಂದು ಹೇಳಿ ನೋಡಿ. ನಮ್ಮ ಕಿವಿಗೆ ಇವು ಬೇರೆ ಬೇರೆ. ಒಂದು ಕಾಡಿನಲ್ಲಿರುತ್ತದೆ, ಇನ್ನೊಂದು ಊಟದಲ್ಲಿ. ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ ಎರಡೂ ಒಂದೇ ಥರ ಕೇಳುತ್ತವೆ. ಈಗ ತಿರುಗಿಸಿ: ಇಂಗ್ಲಿಷಿನ ವೆಸ್ಟ್, ವೆಸ್ಟ್. ಒಂದು ದಿಕ್ಕು, ಇನ್ನೊಂದು ಬಟ್ಟೆ. ಅವರು ಒಂದಕ್ಕೆ ತುಟಿ ದುಂಡಗೆ ಮಾಡುತ್ತಾರೆ, ಇನ್ನೊಂದಕ್ಕೆ ಕೆಳತುಟಿಗೆ ಹಲ್ಲು ತಾಗಿಸುತ್ತಾರೆ. ನಮಗೆ ಎರಡೂ ಒಂದೇ ವಕಾರ. ತುಟಿ, ನಾಲಗೆ ಎಲ್ಲಿ ತಾಗಿತು ಎಂದು ಯಾವ ಭಾಷೆಗಾದರೂ ಒಂದೇ ಅಳತೆಯಲ್ಲಿ ಬರೆದಿಡುವುದು ಎಟಿಕ್. ಆ ಭಾಷೆ ಆಡುವವರಿಗೆ ಯಾವ ವ್ಯತ್ಯಾಸ ಅರ್ಥವನ್ನೇ ಬದಲಿಸುತ್ತದೆ ಎಂದು ಹಿಡಿಯುವುದು ಎಮಿಕ್. ಪೈಕ್ ಇದನ್ನು ಮಾತಿನಿಂದ ಇಡೀ ನಡವಳಿಕೆಗೆ ಹಿಗ್ಗಿಸಿದರು.

ಕನ್ನಡದಲ್ಲಿ ಇವನ್ನು ಒಳನೋಟ, ಹೊರನೋಟ ಎನ್ನುವುದುಂಟು. ಕೇಳಲು ಚೆನ್ನಾಗಿದೆ, ಆದರೆ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಊರಿನವರು ಬರೆದದ್ದೆಲ್ಲ ಎಮಿಕ್, ಹೊರಗಿನವರು ಬರೆದದ್ದೆಲ್ಲ ಎಟಿಕ್ ಎಂದುಕೊಳ್ಳುತ್ತಾರೆ. ಹಾಗಲ್ಲ. ಅದೇ ತೋಟದ ಮನೆಯ ಮಗ ಬೆಟ್ಟದಲ್ಲಿ ಎಕರೆಗೆ ಎಷ್ಟು ಸಸಿ ಎದ್ದಿವೆ ಎಂದು ಎಣಿಸಿದರೆ ಅದು ಎಟಿಕ್ ಕೆಲಸ. ಧಾರವಾಡದಿಂದ ಬಂದವಳು ಬೆಟ್ಟಕ್ಕೂ ಕಾಡಿಗೂ ಊರಿನವರು ಎಳೆಯುವ ಗೆರೆಯನ್ನು ಸರಿಯಾಗಿ ಹಿಡಿದರೆ ಅದು ಎಮಿಕ್ ವಿವರಣೆ. ಬರೆದವರ ಊರು ಇಲ್ಲಿ ಲೆಕ್ಕಕ್ಕಿಲ್ಲ. ನಾನು ತರಗತಿಯಲ್ಲಿ ಕೇಳುವುದು ಒಂದೇ ಪ್ರಶ್ನೆ: ಈ ವಾಕ್ಯವನ್ನು "ತಪ್ಪು" ಎಂದು ಹೇಳುವ ಹಕ್ಕು ಯಾರಿಗಿದೆ? ಯಜಮಾನರು ಓದಿ "ನಮ್ಮಲ್ಲಿ ಹಾಗಿಲ್ಲ" ಎಂದರೆ ಬಿದ್ದುಹೋಗುವ ವಾಕ್ಯ ಎಮಿಕ್. ಇನ್ನೊಬ್ಬ ಸಂಶೋಧಕ ತಕ್ಕಡಿ, ಟೇಪು ತಂದು ಅಳೆದು ಸರಿಯೋ ತಪ್ಪೋ ಹೇಳಬಹುದಾದದ್ದು ಎಟಿಕ್.

ಎರಡೂ ಒಂದಕ್ಕೊಂದು ಹೊಂದದೆ ಇರುವಾಗಲೇ ಕೆಲಸ ರುಚಿಯಾಗುವುದು. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ವಿನ್ ಹ್ಯಾರಿಸ್ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ರೈತರನ್ನು ಮಾತಾಡಿಸಿದರು. ಕರುವನ್ನು ಸಾಯಲು ಬಿಡುವ ಮಾತೇ ಇಲ್ಲ ಎಂದರು ಆ ರೈತರು. ಕರುಗಳ ಲೆಕ್ಕ ಹಾಕಿದರೆ ಗಂಡುಕರುಗಳು ಹೆಣ್ಣಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಸಾಯುತ್ತಿದ್ದವು. ಗಂಡು ಬಡಕಲು, ಹಾಲು ಕುಡಿಯುವುದೇ ಕಮ್ಮಿ ಎಂದು ರೈತರು ಕಾರಣ ಕೊಟ್ಟರು. ಅಲ್ಲಿ ಉಳಲು ಎತ್ತು ಅಷ್ಟಾಗಿ ಬೇಡ ಎಂಬುದನ್ನು ಹ್ಯಾರಿಸ್ ತೋರಿಸಿದರು. ಎತ್ತು ಬೇಕಾದ ಉತ್ತರ ಪ್ರದೇಶದಲ್ಲಿ ಲೆಕ್ಕ ಉಲ್ಟಾ. ರೈತರು ಸುಳ್ಳು ಹೇಳಿದರು ಎಂದು ಇದರಿಂದ ತೀರ್ಮಾನಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೋವನ್ನು ಕೊಲ್ಲಬಾರದು ಎಂಬ ಮಾತು ಅವರ ಬದುಕಿನಲ್ಲಿ ನಿಜವಾಗಿ ಇತ್ತು, ಸತ್ತ ಕರುಗಳೂ ಇದ್ದವು. ಎರಡನ್ನೂ ಬರೆದವನಿಗೆ ಮಾತ್ರ ನಡುವಿನ ಅಂತರ ಕಾಣುತ್ತದೆ.

ಪೈಕ್‌ಗೆ ಎಟಿಕ್ ಎಂದರೆ ಬಾಗಿಲು, ಅದನ್ನು ದಾಟಿ ಎಮಿಕ್‌ಗೆ ಹೋಗಬೇಕು. ಹ್ಯಾರಿಸ್‌ಗೆ ಎಟಿಕ್ ಲೆಕ್ಕವೇ ಕಾರಣ ಹುಡುಕುವ ದಾರಿ. 1988ರಲ್ಲಿ ಇಬ್ಬರೂ ಒಂದೇ ವೇದಿಕೆಯಲ್ಲಿ ವಾದ ಮಾಡಿದರು.

ಕರಾವಳಿಯ ಪ್ರಬಂಧಗಳಲ್ಲಿ ಇನ್ನೊಂದು ತಪ್ಪು ಪ್ರತಿ ವರ್ಷ ಸಿಗುತ್ತದೆ. ಎಡಗಡೆ "ಮೀನುಗಾರರ ನಂಬಿಕೆ: ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸುತ್ತಾರೆ." ಬಲಗಡೆ "ವಿಜ್ಞಾನ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ." ಬಲಗಡೆಯದು ವಿಜ್ಞಾನ ಹೇಗಾಯಿತು? ಅದು ಸರ್ಕಾರದ ನಿಯಮ. ಇಲಾಖೆಯೂ ಒಂದು ಸಮುದಾಯವೇ, ಅದಕ್ಕೂ ತನ್ನದೇ ಪದಗಳು, ತನ್ನದೇ ಕ್ಯಾಲೆಂಡರು. ಬಂಗುಡೆ ಯಾವ ತಿಂಗಳು ಮೊಟ್ಟೆ ಇಡುತ್ತದೆ, ಅಲೆ ಎಷ್ಟು ಎತ್ತರ ಏಳುತ್ತದೆ ಎಂದು ಅಳೆದಿದ್ದರೆ ಅದು ಎಟಿಕ್. ಎಮಿಕ್ ಎಂದರೆ ಸುಳ್ಳು ನಂಬಿಕೆ, ಎಟಿಕ್ ಎಂದರೆ ಸತ್ಯ ಎಂಬ ಈ ಹಂಚಿಕೆಯನ್ನು ದಯವಿಟ್ಟು ಬಿಟ್ಟುಬಿಡಿ. ಸಮುದ್ರದ ಬಣ್ಣ ನೋಡಿ ದೋಣಿ ಇಳಿಸಬೇಕೋ ಬೇಡವೋ ಎಂದು ಹೇಳುವ ಮುದುಕರ ಮಾತು ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಅಳೆಯುವವನ ಅಳತೆಯೂ ತಪ್ಪಬಹುದು, ಅಲ್ವಾ?

ತೋಟಕ್ಕೆ ಮರಳಿ ಬರೋಣ. ಒಂದೇ ಊರಿನಲ್ಲಿ ಎಮಿಕ್ ಒಂದೇ ಇರುವುದಿಲ್ಲ. ನಮ್ಮ ಹುಡುಗಿ ಮರುದಿನ ದರಕು ಗುಡಿಸಲು ಬಂದಿದ್ದ ಹೆಂಗಸನ್ನು ಮಾತಾಡಿಸಿದಳು. ಬೆಳಿಗ್ಗೆ ಏಳಕ್ಕೇ ಆಕೆಯ ಹೊರೆ ಅರ್ಧ ತುಂಬಿತ್ತು. ಆಕೆ ಅದನ್ನು ಬೆಟ್ಟ ಎನ್ನಲಿಲ್ಲ, "ಹೆಗಡೇರ ಬೆಟ್ಟ" ಎಂದಳು. ದರಕು ಹೊರುವುದು ಕೂಲಿ, ಒಣಕಟ್ಟಿಗೆ ಬೇಕಾದರೆ ಕೇಳಿಕೊಂಡೇ ಒಯ್ಯಬೇಕು, ಅದರಾಚೆಯ ಕಾಡಿನಲ್ಲಾದರೆ ಗಾರ್ಡಿನ ಭಯ. ಯಜಮಾನರಿಗೆ ಬೆಟ್ಟ ಗೊಬ್ಬರದ ಮೂಲ, ಆಕೆಗೆ ಯಾರನ್ನು ಕೇಳಬೇಕು ಎಂಬ ಲೆಕ್ಕ. "ಸ್ಥಳೀಯರ ದೃಷ್ಟಿಯಲ್ಲಿ ಬೆಟ್ಟ" ಎಂದು ಒಂದೇ ವಾಕ್ಯ ಬರೆದರೆ ಈಕೆ ಪುಟದಿಂದಲೇ ಮಾಯ. ಯಾರ ಎಮಿಕ್ ಎಂದು ಪ್ರತಿ ಸಲ ಹೆಸರಿಸಿ: ಜಮೀನಿನವರದೋ, ಕೂಲಿಯವರದೋ, ಹೆಂಗಸರದೋ, ಹರೆಯದವರದೋ.

ಹಾಗಾಗಿ ನೋಟ್‌ಬುಕ್ಕಿನ ಎರಡು ಪುಟ ಬಳಸಿ. ಎಡಪುಟದಲ್ಲಿ ಅವರ ಪದ, ಅವರದೇ ಮಾತಿನಲ್ಲಿ, ಯಾರು ಯಾವಾಗ ಹೇಳಿದರು ಎಂಬುದರ ಸಮೇತ. "ಬೆಟ್ಟ"ವನ್ನು ಅಲ್ಲೇ "ಗುಡ್ಡ" ಮಾಡಬೇಡಿ, "ಅರಣ್ಯ"ವನ್ನೂ ಮಾಡಬೇಡಿ. ಬಲಪುಟದಲ್ಲಿ ನಿಮ್ಮ ಅಳತೆ: ಎಷ್ಟು ಹೊರೆ, ಒಂದು ಹೊರೆಗೆ ಎಷ್ಟು ಕಿಲೋ, ಎಷ್ಟು ಮರದ ಸೊಪ್ಪು ಕಡಿದಿದ್ದಾರೆ.

ಆ ಹುಡುಗಿ ಮೂರನೇ ದಿನ ಎಡಪುಟವನ್ನು ಯಜಮಾನರಿಗೇ ಓದಿ ಹೇಳಿದಳು. "ಬೆಟ್ಟ ಎಂದರೆ ಸೊಪ್ಪಿಗಾಗಿ ಇಟ್ಟುಕೊಂಡ ಮರಗಳ ಜಾಗ." ಅವರು ಎಲೆಅಡಿಕೆಯ ತಟ್ಟೆ ಪಕ್ಕಕ್ಕೆ ಸರಿಸಿದರು. "ಇಷ್ಟೇ ಬರೆದ್ರೆ ಅರ್ಧ ಆಯ್ತು ತಂಗಿ. ತೋಟ ಎಲ್ಲಿ? ತೋಟ ಇಲ್ಲದಿದ್ರೆ ಅದು ಬೆಟ್ಟ ಹೇಗಾಗ್ತದೆ?" ಅವಳು ಪೆನ್ನು ತೆಗೆದು, ವಾಕ್ಯ ಹೊಡೆದುಹಾಕಿ, ಮತ್ತೆ ಮೊದಲಿನಿಂದ ಬರೆಯತೊಡಗಿದಳು.