ಬೈ ರನ್‌ಗಳ ಕಾಲಂ

ಕಳೆದ ವರ್ಷ ನಮ್ಮ ಕ್ಲಬ್ಬಿನ ಕ್ರಿಕೆಟ್ ಆಟಗಾರರ ಹರಾಜಿನಲ್ಲಿ ವಿಕೆಟ್ ಕೀಪರ್ ಶಿವಣ್ಣನ ಚೀಟಿ ಬಂದದ್ದು 68ನೆಯದಾಗಿ. ಅಷ್ಟು ಹೊತ್ತಿಗೆ ಆರು ತಂಡಗಳಲ್ಲಿ ನಾಲ್ಕರ ಪಟ್ಟಿ ಭರ್ತಿಯಾಗಿತ್ತು. ಉಳಿದೆರಡಕ್ಕೆ ತಲಾ ಒಂದೊಂದು ಜಾಗ ಬಾಕಿ, ಇಬ್ಬರಿಗೂ ಕೀಪರ್ ಸಿಕ್ಕಾಗಿತ್ತು. ಮೈಕ್ ಹಿಡಿದಿದ್ದ ಕಾರ್ಯದರ್ಶಿ ಮೂರು ಸಲ ಹೆಸರು ಕೂಗಿದರು. ಯಾರ ಕೈಯೂ ಏಳಲಿಲ್ಲ. ‘ಅನ್‌ಸೋಲ್ಡ್’ ಅಂದರು. ಹರಾಜು ಮುಗಿದ ಮೇಲೆ ಶಿವಣ್ಣ ಎಲ್ಲರ ಜೊತೆ ನಗುತ್ತಲೇ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು ಹೋದರು.

ಆ ಕುರ್ಚಿಗಳ ಸದ್ದು ನನ್ನ ಕಿವಿಯಿಂದ ಬೇಗ ಹೋಗಲಿಲ್ಲ. ಮಂಡಿ ನೋವಿನಿಂದ ಆಟ ಬಿಟ್ಟು ಕ್ಲಬ್ಬಿನ ಸ್ಕೋರರ್ ಆದವನು ನಾನು. ವಾರವಿಡೀ ಪೇಮೆಂಟ್ ಸಿಸ್ಟಮ್‌ಗಳ ಕೋಡ್ ಬರೆಯುವುದು ಕೆಲಸ. ಶನಿವಾರ, ಭಾನುವಾರ ಮಾತ್ರ ನನ್ನವು. ಆ ಎರಡು ದಿನಗಳಲ್ಲಿ ನಮ್ಮ ಹರಾಜನ್ನು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ನಡೆಸಿ ನೋಡಬೇಕು ಅನ್ನಿಸಿತು.

ನಿಯಮಗಳು ಸುಲಭ. ಆರು ನಾಯಕರು, ಒಬ್ಬೊಬ್ಬರಿಗೂ 1000 ಪಾಯಿಂಟ್. 70 ಆಟಗಾರರಲ್ಲಿ ತಲಾ 11 ಜನರನ್ನು ಕೊಳ್ಳಬೇಕು. ಮೂಲ ಬೆಲೆ 20. ಮಿಕ್ಕ ಜಾಗಗಳಿಗೆ ಬೇಕಾದ ಮೂಲ ಬೆಲೆಯನ್ನು ಕೈಯಲ್ಲಿ ಉಳಿಸಿಕೊಂಡೇ ಕೂಗಬೇಕು. ಮೊದಲು ಬರೆದದ್ದು ಆ ಒಂದು ಸಾಲನ್ನೇ:

```python
max_bid = balance - (slots_left - 1) * base
```

ಮೊದಲ ಚೀಟಿಗೆ ಯಾವ ನಾಯಕನೂ 800 ದಾಟುವಂತಿಲ್ಲ. ಇದೇ ಲೆಕ್ಕವನ್ನು ಪ್ರತಿ ವರ್ಷ ಯಾರೋ ಒಬ್ಬರು ಬೆರಳು ಮಡಚಿ ಮಾಡುತ್ತಿದ್ದರು, ಅರ್ಧ ಜಗಳ ಅಲ್ಲೇ ಹುಟ್ಟುತ್ತಿತ್ತು.

ಇನ್ನು ಕೂಗುವವರ ಮನಸ್ಸು. ಬಹಿರಂಗ ಹರಾಜಿನಲ್ಲಿ ಗೆದ್ದವನು ತನ್ನ ಪೂರ್ತಿ ಮಿತಿಯನ್ನು ಕೊಡುವುದಿಲ್ಲ. ಎರಡನೆಯವನು ಕೈ ಇಳಿಸಿದ ಬೆಲೆಗಿಂತ ಒಂದು ಮೆಟ್ಟಿಲು ಮೇಲೆ ಕೊಟ್ಟರೆ ಸಾಕು. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ಇದನ್ನು ಗಣಿತದಲ್ಲಿ ಕಟ್ಟಿಕೊಟ್ಟಿದ್ದರು. ಹತ್ತು ವರ್ಷದ ನಂತರ, 1971ರಲ್ಲಿ, ಮೂವರು ಪೆಟ್ರೋಲಿಯಂ ಎಂಜಿನಿಯರ್‌ಗಳು ಇನ್ನೊಂದು ಮಾತು ಹೇಳಿದರು: ತೈಲ ನಿಕ್ಷೇಪದ ಹರಾಜು ಗೆಲ್ಲುವವನು ಬಹುತೇಕ ಅದನ್ನು ಎಲ್ಲರಿಗಿಂತ ಹೆಚ್ಚಾಗಿ ಅಂದಾಜು ಮಾಡಿದವನೇ. ಹಾಗಾಗಿ ಗೆದ್ದವನೇ ಸೋಲುತ್ತಾನೆ. ನಮ್ಮ ಗೇಟಿನಾಚೆಯ ಮೈದಾನದಲ್ಲೂ ಅದೇ ನಡೆಯುತ್ತಿತ್ತು. ಹಿಂದಿನ ವಾರ ಅರ್ಧಶತಕ ಹೊಡೆದ ಹುಡುಗನಿಗೆ 300 ಕೊಟ್ಟ ನಾಯಕ, ಕೊನೆಗೆ 20, 20 ಎನ್ನುತ್ತಾ ಸಿಕ್ಕವರನ್ನು ತುಂಬಿಕೊಳ್ಳುತ್ತಿದ್ದ.

ಹತ್ತು ಸಾವಿರ ಸಲ ಹರಾಜು ಓಡಿಸಿದೆ. ಪ್ರತಿ ಸಲವೂ ಚೀಟಿಗಳ ಸರದಿ ಬೇರೆ. ಭಾನುವಾರ ರಾತ್ರಿ ಗ್ರಾಫ್ ನೋಡಿದಾಗ ನಿದ್ದೆ ಹಾರಿಹೋಯಿತು. ಅದೇ ಆಲ್‌ರೌಂಡರ್, ಅದೇ ಆಟ. ಮೊದಲ ಹತ್ತರಲ್ಲಿ ಹೆಸರು ಬಂದರೆ 210ರ ಆಸುಪಾಸು, ಕೊನೆಯ ಹತ್ತರಲ್ಲಿ ಬಂದರೆ 60. ನಾವು ಆಟಕ್ಕೆ ಬೆಲೆ ಕಟ್ಟುತ್ತಿದ್ದೇವೆ ಅಂದುಕೊಂಡಿದ್ದೆವು, ಕಟ್ಟುತ್ತಿದ್ದದ್ದು ಡಬ್ಬಿಯೊಳಗಿನ ಚೀಟಿಗೆ.

ಸರದಿ ಸರಿ ಮಾಡಬಹುದಿತ್ತು. ಬ್ಯಾಟರ್, ಬೌಲರ್, ಕೀಪರ್ ಎಂದು ಸಣ್ಣ ಸಣ್ಣ ಗುಂಪು ಮಾಡಿ ಒಂದರ ನಂತರ ಒಂದನ್ನು ಕರೆಯೋಣ ಎಂದು ಕಾರ್ಯದರ್ಶಿಗೆ ಹೇಳಿದೆ. ಗ್ರಾಫ್ ತೋರಿಸಿದ್ದೇ ತಡ, ಒಪ್ಪಿಬಿಟ್ಟರು. ಆದರೆ ಕೀಪರ್‌ಗೆ ಬೆಲೆ ಕಟ್ಟುವುದು ಹೇಗೆ? ಶಿವಣ್ಣ ಎಂಟನೇ ಕ್ರಮಾಂಕದಲ್ಲಿ ಬಂದು ಹತ್ತು ರನ್ ಹೊಡೆದರೆ ಹೆಚ್ಚು. ನನ್ನ ಮಾಡೆಲ್ ಕೂಡ ಅವರಿಗೆ 20 ಅಂತಲೇ ಹೇಳುತ್ತಿತ್ತು.

ಹಳೆಯ ಸ್ಕೋರ್‌ಬುಕ್‌ಗಳನ್ನು ಅಟ್ಟದಿಂದ ಇಳಿಸಿದೆ. ಪೆನ್ಸಿಲ್ ಬರಹ, ಮಳೆ ಬಿದ್ದು ಉಬ್ಬಿದ ಹಾಳೆ. ವೈಡ್, ನೋಬಾಲ್ ಬೌಲರ್‌ನ ಲೆಕ್ಕಕ್ಕೆ ಹೋಗುತ್ತವೆ. ಬೈ ಮಾತ್ರ ಪುಟದ ಕೆಳಗೆ, ‘ಇತರೆ’ ಎಂಬ ಮೂಲೆಯಲ್ಲಿ, ಯಾರ ಹೆಸರೂ ಇಲ್ಲದೆ ಕೂತಿರುತ್ತದೆ. ಬ್ಯಾಟಿಗೂ ತಾಗದೆ ಮೈಗೂ ತಾಗದೆ ಕೀಪರ್‌ನನ್ನು ದಾಟಿಹೋದ ಚೆಂಡಿನ ರನ್ ಅದು. ಕೀಪರ್ ಹೆಸರಿನ ಪಕ್ಕ ‘ಕೀ’ ಎಂದು ಬರೆಯುವ ರೂಢಿ ನಮ್ಮಲ್ಲಿತ್ತು. ಎರಡನ್ನೂ ಜೋಡಿಸುತ್ತಾ ಮೂರು ವಾರಾಂತ್ಯ ಕಳೆದೆ. ಶಿವಣ್ಣ ಕೀಪ್ ಮಾಡಿದ 38 ಪಂದ್ಯಗಳಲ್ಲಿ ಬಿಟ್ಟ ಬೈ ಒಟ್ಟು 76. ಪಂದ್ಯಕ್ಕೆ ಎರಡು. ಉಳಿದವರ ಸರಾಸರಿ ಆರು. ಅಂದರೆ ಅವರು ಕೈಗ್ಲೌಸ್ ಹಾಕಿದ ಕ್ಷಣವೇ ತಂಡಕ್ಕೆ ನಾಲ್ಕು ರನ್. ನಮ್ಮ ಪಂದ್ಯಗಳು ಎಷ್ಟೋ ಸಲ ಅದಕ್ಕಿಂತ ಕಡಿಮೆ ಅಂತರದಲ್ಲಿ ಮುಗಿದಿವೆ.

ನವೀನನಿಗೆ ತೋರಿಸಿದೆ. ಒಂದು ತಂಡದ ನಾಯಕ, ನನ್ನ ಬಾಲ್ಯದ ಗೆಳೆಯ.

“ಈ ಕಾಲಂ ನಮ್ಮಿಬ್ಬರ ಹತ್ರಾನೇ ಇರ್ಲಿ ಕಣೋ. ಅವರನ್ನ 20ಕ್ಕೆ ಎತ್ಕೊಳ್ತೀನಿ.”

“ಸ್ಕೋರ್‌ಬುಕ್ ಎಲ್ಲರದು ಕಣೋ. ಎಲ್ಲರಿಗೂ ತೋರಿಸ್ತೀನಿ.”

ಎರಡು ದಿನ ಮಾತು ಬಿಟ್ಟ. ನನಗೂ ಬೇಜಾರಾಯಿತು, ಆದರೂ ಪಟ್ಟಿಯಲ್ಲಿ ಬೈ ಸರಾಸರಿ ಸೇರಿಸಿ, ಹರಾಜಿನ ದಿನ ಬೆಳಿಗ್ಗೆ ಗೋಡೆಗೆ ಅಂಟಿಸಿದೆ.

ಶಿವಣ್ಣ ಎಲ್ಲರಿಗಿಂತ ಮೊದಲು ಬಂದರು. ಕನ್ನಡಕ ಏರಿಸಿ, ಬಲಗೈಯ ಸೊಟ್ಟ ಕಿರುಬೆರಳನ್ನು ಸಾಲಿನುದ್ದಕ್ಕೂ ಎಳೆಯುತ್ತಾ ಓದಿದರು. ಆ ಬೆರಳು ಮುರಿದು ಕೂಡಿಕೊಂಡದ್ದು ಯಾವುದೋ ಯಾರ್ಕರ್‌ಗೆ. ಖುಷಿಪಡುತ್ತಾರೆ ಎಂದು ಕಾದಿದ್ದೆ.

“ಇದರಲ್ಲಿ ಒಂದು ತಪ್ಪಿದೆಯಲ್ಲಪ್ಪಾ,” ಅಂದರು. “ನಾನು ಆಡಿದ ಕೊನೇ ಪಂದ್ಯ. ಒಂದೂ ಬೈ ಇಲ್ಲದ್ದು. ಅವತ್ತು ಟಾಸ್ ಆದ ಮೇಲೆ ನನ್ನ ಬೆರಳು ಊದಿಕೊಂಡಿತ್ತು. ನಾನು ನಿಂತಿದ್ದು ಫೈನ್ ಲೆಗ್‌ನಲ್ಲಿ. ಕೀಪ್ ಮಾಡಿದ್ದು ಆ ಹುಡುಗ, ಕಿರಣ.”

ಬುಕ್ಕು ತೆಗೆದು ನೋಡಿದೆ. ‘ಕೀ’ ಶಿವಣ್ಣನ ಹೆಸರಿನ ಪಕ್ಕದಲ್ಲೇ ಇತ್ತು, ನನ್ನದೇ ಕೈಬರಹ. ಟಾಸ್‌ಗೆ ಮೊದಲೇ ಬರೆದಿಟ್ಟು ಆಮೇಲೆ ತಿದ್ದದೇ ಬಿಟ್ಟಿದ್ದೆ.

“ಇಟ್ಟುಕೊಂಡರೂ ನಿಮಗೇನೂ ದೊಡ್ಡ ವ್ಯತ್ಯಾಸ ಆಗಲ್ಲ ಶಿವಣ್ಣ.”

“ನನಗೆ ಆಗಲ್ಲ. ಅವನಿಗೆ ಆಗುತ್ತೆ.”

ಸಾಲು ತಿದ್ದಿದೆ. ಶಿವಣ್ಣನ ಸರಾಸರಿ 2.0ಯಿಂದ 2.1ಕ್ಕೆ ಏರಿತು. ಕಿರಣನದ್ದು ಅಲ್ಲಿಯವರೆಗೆ ಎರಡೇ ಪಂದ್ಯ, ಒಂಬತ್ತು ಬೈ, 4.5. ಈಗ ಮೂರು ಪಂದ್ಯ, 3.0. ಹೊಸ ಹಾಳೆ ಪ್ರಿಂಟ್ ಮಾಡಿ ಅಂಟಿಸುವಾಗ ಶಿವಣ್ಣ ಒಂದು ತುದಿ ಹಿಡಿದುಕೊಂಡರು.

ಕೀಪರ್‌ಗಳ ಗುಂಪು ಮಧ್ಯಾಹ್ನಕ್ಕೆ ಮುಂಚೆಯೇ ಬಂತು. ಶಿವಣ್ಣನ ಹೆಸರಿಗೆ ಮೂರು ಕೈ ಎದ್ದವು. 20, 30, 40, 50. ಬೈ ಲೆಕ್ಕ ಸೇರಿಸಿದ ಮೇಲೆ ಮಾಡೆಲ್ 55 ಹೇಳಿತ್ತು. 60ಕ್ಕೆ ನವೀನ ಎತ್ತಿಕೊಂಡ. ನನ್ನ ಕಡೆ ನೋಡಲಿಲ್ಲ, ಆದರೆ ಮುಖದ ಬಿಗಿ ಸಡಿಲವಾಗಿತ್ತು. ಶಿವಣ್ಣ ಎದ್ದು ಅವನ ಪಕ್ಕದ ಕುರ್ಚಿಗೆ ಹೋಗಿ ಕೂತರು.

ಎರಡು ಚೀಟಿ ದಾಟಿತು. ಆಮೇಲೆ ಕಾರ್ಯದರ್ಶಿ, “ಕಿರಣ್, ವಿಕೆಟ್ ಕೀಪರ್, ಮೂಲ ಬೆಲೆ 20,” ಅಂದರು. ಹಿಂದಿನ ಸಾಲಿನಲ್ಲಿದ್ದ ಹುಡುಗ ಬಗ್ಗಿ ಶೂ ದಾರ ಬಿಚ್ಚಿ ಕಟ್ಟುತ್ತಿದ್ದ. ಸಭೆ ಒಂದು ಗಳಿಗೆ ಸುಮ್ಮನಿತ್ತು.

ಶಿವಣ್ಣ ನವೀನನ ಮೊಣಕೈ ತಿವಿದರು.

“ನಮಗೆ ಕೀಪರ್ ಇದ್ದಾರಲ್ಲ, ನೀವೇ ಇದ್ದೀರಲ್ಲ ಶಿವಣ್ಣ,” ಅಂದ ನವೀನ.

“ನಾನು ಫೈನ್ ಲೆಗ್‌ನಲ್ಲಿ ನಿಲ್ತೀನಿ,” ಅಂದರು ಶಿವಣ್ಣ. “ಎತ್ತಪ್ಪಾ ಕೈ.”