ವಿಷಯ: ಭಾನುವಾರದ ವರದಿ – ಸ್ಥಾಪನೆಯ ವರ್ಷ, ಒಡೆತನ, ನೌಕರರ ಸಂಖ್ಯೆ ಖಚಿತಪಡಿಸಲು ಕೋರಿಕೆ (ಶುಕ್ರವಾರ ಸಂಜೆ 4ರೊಳಗೆ)

ಮೇಡಂ, ನಮಸ್ಕಾರ.

ಬೆಳಿಗ್ಗೆ ಫೋನಿನಲ್ಲಿ ಮಾತಾಡಿದ್ದು ಇದೇ ವಿಷಯ. 2019ರಲ್ಲಿ ತೊಗರಿ ಬೇಳೆಗೆ ಜಿಐ ಟ್ಯಾಗ್ ಸಿಕ್ಕಿತಲ್ಲ, ಆಮೇಲೆ ಕಲಬುರಗಿಯ ದಾಲ್ ಮಿಲ್‌ಗಳು ಸ್ವಂತ ಬ್ರಾಂಡ್ ಕಟ್ಟಲು ಏನೇನು ಮಾಡುತ್ತಿವೆ ಅಂತ ಬರೆಯುತ್ತಿದ್ದೇನೆ. ಅದರಲ್ಲಿ ನಿಮ್ಮ ಕಂಪನಿಯದು ಅರ್ಧ ಕಾಲಂ. ಎಂಡಿ ಅವರ ಮಾತು ರೆಕಾರ್ಡ್ ಇದೆ, ಅದಕ್ಕೇನೂ ತಕರಾರಿಲ್ಲ. ಮೂರು ವಿವರ ಮಾತ್ರ ಒಂದೊಂದು ಕಡೆ ಒಂದೊಂದು ಥರ ಇವೆ. ಅಚ್ಚಿಗೆ ಹೋಗುವ ಮುಂಚೆ ನಿಮ್ಮಿಂದ ಲಿಖಿತವಾಗಿ ಬೇಕು.

ಮೊದಲು ವರ್ಷ. ಒಂದು ಕೆಜಿ ಪ್ಯಾಕೆಟ್ ಮೇಲೆ ‘1978ರಿಂದ’ ಅಂತ ಇದೆ. ವೆಬ್‌ಸೈಟಿನಲ್ಲಿ 1981. ನಿಮ್ಮ ಲೆಟರ್‌ಹೆಡ್ಡಿನ ಸಿಐಎನ್ ನೋಡಿದರೆ KA ಆದ ಮೇಲೆ 2004 ಬರುತ್ತದೆ, ಅಂದರೆ ಕಂಪನಿ ನೋಂದಣಿಯಾಗಿದ್ದು ಆ ವರ್ಷ. ನನ್ನ ಅಂದಾಜು ಹೀಗಿದೆ: ಎಂಡಿ ಅವರ ತಂದೆ ನೆಹರು ಗಂಜ್‌ನಲ್ಲಿ ಅಡತಿ ಅಂಗಡಿ ಇಟ್ಟಿದ್ದು 1978, ಮಿಲ್ ಶುರುವಾಗಿದ್ದು 1981, ಪಾಲುದಾರಿಕೆ ಹೋಗಿ ಪ್ರೈವೇಟ್ ಲಿಮಿಟೆಡ್ ಆಗಿದ್ದು 2004. ಹೌದಾದರೆ ಮೂರನ್ನೂ ಬರೆಯಲು ಜಾಗ ಇದೆ. ಬರೀ ‘1978ರಲ್ಲಿ ಸ್ಥಾಪನೆಯಾದ ಕಂಪನಿ’ ಅಂತ ಹಾಕಲಿಕ್ಕೆ ಆಗಲ್ಲ, ಆಗ ಕಂಪನಿಯೇ ಇರಲಿಲ್ಲ ಅಲ್ವಾ?

ಇನ್ನು ಒಡೆತನ. ನೀವು ಕಳಿಸಿದ ಪರಿಚಯ ಪತ್ರದಲ್ಲಿ ‘ಸಂಪೂರ್ಣ ಕುಟುಂಬದ ಒಡೆತನ’ ಅಂತ ಇದೆ. ಆದರೆ ಕಂಪನಿ ವ್ಯವಹಾರ ಸಚಿವಾಲಯಕ್ಕೆ ನೀವೇ ಸಲ್ಲಿಸಿದ ವಾರ್ಷಿಕ ರಿಟರ್ನ್‌ನಲ್ಲಿ (ನಮೂನೆ MGT-7) ಮುಂಬೈಯ ಹೂಡಿಕೆ ಸಂಸ್ಥೆಯೊಂದರ ಹೆಸರಲ್ಲಿ 26% ಷೇರು ಕಾಣುತ್ತಿದೆ. ವಿಶೇಷ ನಿರ್ಣಯ ಪಾಸಾಗಬೇಕಾದರೆ ಮುಕ್ಕಾಲು ಪಾಲು ಮತ ಬೇಕು. 26% ಇದ್ದವರು ಬೇಡ ಅಂದರೆ ಅದು ಅಲ್ಲಿಗೇ ನಿಂತಿತು. ಹಾಗಾಗಿ ಇದು ಸಣ್ಣ ಪಾಲು ಅಂತ ಬಿಡುವ ಹಾಗಿಲ್ಲ. ಆ ಷೇರು ಈಗಲೂ ಅವರ ಹತ್ತಿರವೇ ಇದೆಯೋ, ಕುಟುಂಬ ವಾಪಸ್ ಕೊಂಡಿದೆಯೋ ತಿಳಿಸಿ. ಇದ್ದರೆ ‘74% ಪಾಲು ಕುಟುಂಬದ ಕೈಯಲ್ಲಿದೆ’ ಅಂತ ಬರೆಯುತ್ತೇನೆ.

ಜಾಸ್ತಿ ಗೊಂದಲ ಇರುವುದು ನೌಕರರ ಲೆಕ್ಕದಲ್ಲಿ. ‘ನಮ್ಮ ಮಿಲ್ಲಿನಿಂದ 1,200 ಮನೀ ಒಲಿ ಉರೀತಾವ್ರೀ’ ಅಂತ ಎಂಡಿ ಹೇಳಿದರು. ಮಾತು ಚೆಂದ ಇದೆ, ತಲೆಬರಹಕ್ಕೇ ಹಾಕೋಣ ಅಂತ ಡೆಸ್ಕಿನವರು ಕೂತಿದ್ದಾರೆ. ಆದರೆ ಇಪಿಎಫ್‌ಒ ವೆಬ್‌ಸೈಟಿನಲ್ಲಿ ನಿಮ್ಮ ಸಂಸ್ಥೆಯ ಹೆಸರು ಹಾಕಿದರೆ ಕಳೆದ ತಿಂಗಳು ಪಿಎಫ್ ಕಟ್ಟಿದ್ದು 212 ಜನಕ್ಕೆ. ಸುಳ್ಳು ಹೇಳುತ್ತಿದ್ದೀರಿ ಅಂತ ನಾನು ಅನ್ನುತ್ತಿಲ್ಲ. ಗುತ್ತಿಗೆದಾರರ ಕಡೆಯವರು ಅವರವರ ಪಿಎಫ್ ಕೋಡಿನಲ್ಲಿ ಇರುತ್ತಾರೆ, ನಿಮ್ಮ ಲೆಕ್ಕದಲ್ಲಿ ಬರುವುದಿಲ್ಲ. ನಂದೂರಿನ ಮಿಲ್‌ಗೆ ಬಂದಾಗ ನೋಡಿದೆನಲ್ಲ, ಲಾರಿಗೆ ಚೀಲ ಏರಿಸುವ ಹಮಾಲರು ಒಬ್ಬ ಮೇಸ್ತ್ರಿ ಕೈಕೆಳಗೆ. ಹಿಂದಿನ ಶೆಡ್ಡಿನಲ್ಲಿ ಬೇಳೆ ಹಸನು ಮಾಡುವ ಹೆಣ್ಮಕ್ಕಳಿಗೆ ಚೀಲಕ್ಕೆ ಇಷ್ಟು ಅಂತ ಕೂಲಿ, ಬಾಗಿಲ ಹತ್ತಿರ ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಎಳೆದು ಲೆಕ್ಕ ಇಟ್ಟಿದ್ದರು. ಅವರೆಲ್ಲ 1,200ರಲ್ಲಿ ಸೇರಿದ್ದಾರಾ? ಹುಮನಾಬಾದ್ ಘಟಕದವರು? ತೊಗರಿ ಬರುವ ಡಿಸೆಂಬರ್–ಜನವರಿ ಸುಗ್ಗಿಯ ಲೆಕ್ಕವೋ, ವರ್ಷಪೂರ್ತಿಯದೋ?

ನನಗೆ ಬೇಕಾದ್ದು ಇಷ್ಟು: ನಿಮ್ಮ ಸಂಬಳದ ಪಟ್ಟಿಯಲ್ಲಿ ಇರುವವರು ಎಷ್ಟು, ಗುತ್ತಿಗೆಯವರು ಎಷ್ಟು, ಸುಗ್ಗಿಯಲ್ಲಿ ಬಂದು ಹೋಗುವವರು ಎಷ್ಟು, ಮತ್ತು ಇದು ಯಾವ ತಾರೀಖಿನ ಲೆಕ್ಕ. ‘ಸುಮಾರು’, ‘ಹೆಚ್ಚು ಕಡಿಮೆ’ ಅಂತ ಬಂದರೆ ಡೆಸ್ಕಿನವರು ಮತ್ತೆ ನನಗೇ ವಾಪಸ್ ಕಳಿಸುತ್ತಾರೆ. ನಿಮ್ಮ ಎಚ್‌ಆರ್ ವಿಭಾಗದವರ ಹತ್ತಿರ ಒಂದು ಸಲ ಕೇಳಿದರೆ ಸಾಕು, ಅವರಿಗೆ ಐದು ನಿಮಿಷದ ಕೆಲಸ.

ಪೂರ್ತಿ ವರದಿ ಮೊದಲೇ ಕಳಿಸಿ ಅಂತ ಕೇಳಿದ್ದಿರಿ. ಅದು ನಮ್ಮಲ್ಲಿ ಇಲ್ಲ, ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಸಂಬಂಧಪಟ್ಟ ಅಂಕಿಅಂಶ ಎಲ್ಲ ಮೇಲೆ ಬಂದಿವೆ.

ಪುಟ ಶುಕ್ರವಾರ ರಾತ್ರಿ ಹೋಗುತ್ತದೆ. ಸಂಜೆ 4ರೊಳಗೆ ಇದೇ ಮೇಲ್‌ಗೆ ಉತ್ತರ ಬರೆದರೆ ಸಾಕು. ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಬೇಡ, ಬರಹದಲ್ಲೇ ಇರಲಿ. ಉತ್ತರ ಯಾರ ಹೆಸರಲ್ಲಿ ಹಾಕಬೇಕು ಅನ್ನುವುದನ್ನೂ ತಿಳಿಸಿ, ಇಲ್ಲವಾದರೆ ‘ಕಂಪನಿಯ ವಕ್ತಾರರು’ ಅಂತ ಇರುತ್ತದೆ. ಅಷ್ಟರಲ್ಲಿ ಉತ್ತರ ಬರದಿದ್ದರೆ 2004, 74% ಮತ್ತು 212ನ್ನು ಸರ್ಕಾರಿ ದಾಖಲೆಯ ಪ್ರಕಾರ ಅಂತ ಹಾಕಿ, 1,200ನ್ನು ಎಂಡಿ ಅವರ ಮಾತಾಗಿಯೇ ಕೊಡುತ್ತೇವೆ.

ಎಂಡಿ ಅವರ ಫೋಟೊದ ದೊಡ್ಡ ಫೈಲ್ ಇದ್ದರೆ ಜೊತೆಗೇ ಕಳಿಸಿ. ಮೊನ್ನೆ ಬಂದದ್ದು ಅಚ್ಚಿಗೆ ಸಾಲುವುದಿಲ್ಲ.

ವಂದನೆಗಳೊಂದಿಗೆ,
ಮಲ್ಲಿಕಾರ್ಜುನ
ಹಿರಿಯ ವರದಿಗಾರ, ಕಲಬುರಗಿ