ಕೊಳವೆಯೊಳಗಿಂದ ದಾರ ಎಳೆದರೆ ಕಲ್ಲಿನ ಜವ ಎಷ್ಟು, ಬಿಗಿತ ಎಷ್ಟು?

ಲೆಕ್ಕ: 50 ಗ್ರಾಂ ತೂಕದ ಕಲ್ಲೊಂದನ್ನು ದಾರಕ್ಕೆ ಕಟ್ಟಿದೆ. ದಾರ ನೆಟ್ಟಗೆ ಹಿಡಿದ ನುಣುಪಾದ ಕೊಳವೆಯ ಮೂಲಕ ಕೆಳಗಿಳಿದಿದೆ. ಕೆಳಗಿನ ತುದಿ ನಿಮ್ಮ ಕೈಯಲ್ಲಿದೆ. ಕಲ್ಲು 80 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ ಸೆಕೆಂಡಿಗೆ 8 ಮೀಟರ್ ಜವದಲ್ಲಿ ಸುತ್ತುತ್ತಿದೆ. ಈಗ ದಾರವನ್ನು ನಿಧಾನವಾಗಿ ಕೆಳಗೆ ಎಳೆದು ತ್ರಿಜ್ಯವನ್ನು 40 ಸೆಂ.ಮೀ.ಗೆ ಇಳಿಸುತ್ತೀರಿ. ಕಲ್ಲಿನ ಹೊಸ ಜವ ಎಷ್ಟು? ದಾರದ ಬಿಗಿತ, ಅಂದರೆ ಟೆನ್ಷನ್, ಎಷ್ಟಾಗುತ್ತದೆ? ನೀವು ಮಾಡಿದ ಕೆಲಸ ಎಷ್ಟು? ಗುರುತ್ವವನ್ನು ಬಿಟ್ಟುಬಿಡಿ.

ಬಿಡಿಸುವ ಬಗೆ: ಸೂತ್ರಕ್ಕೆ ಕೈ ಹಾಕುವ ಮೊದಲು ಕಲ್ಲಿನ ಮೇಲೆ ಯಾವ ಬಲ ಇದೆ ಅಂತ ನೋಡಿ. ಇರುವುದು ದಾರದ ಎಳೆತ ಒಂದೇ. ಅದು ಯಾವಾಗಲೂ ಕೊಳವೆಯ ಬಾಯಿಯ ಕಡೆಗೇ, ಅಂದರೆ ಕೇಂದ್ರದ ಕಡೆಗೇ ಇರುತ್ತದೆ. ಹಾಗಾಗಿ ಕೇಂದ್ರದ ಸುತ್ತ ಅದರ ಟಾರ್ಕ್ ಸೊನ್ನೆ. ಟಾರ್ಕ್ ಇಲ್ಲದಿದ್ದರೆ ಕೋನೀಯ ಸಂವೇಗ ಬದಲಾಗುವುದಿಲ್ಲ.

```
m v1 r1 = m v2 r2
v2 = 8 × 0.8 / 0.4 = 16 m/s
```

ತ್ರಿಜ್ಯ ಅರ್ಧ ಆಯಿತು, ಜವ ಎರಡು ಪಟ್ಟು ಆಯಿತು. ಒಂದು ಸುತ್ತಿಗೆ ಮೊದಲು 0.63 ಸೆಕೆಂಡ್ ಬೇಕಿತ್ತು, ಈಗ 0.16 ಸೆಕೆಂಡ್ ಸಾಕು. ದಾರಿ ಅರ್ಧ, ಜವ ಎರಡು ಪಟ್ಟು, ಆದ್ದರಿಂದ ಸಮಯ ನಾಲ್ಕನೇ ಒಂದು ಭಾಗ.

ಇನ್ನು ಬಿಗಿತ. ವೃತ್ತದಲ್ಲಿ ಸುತ್ತಲು ಬೇಕಾದ ಕೇಂದ್ರಾಭಿಮುಖ ಬಲವನ್ನು ದಾರವೇ ಕೊಡಬೇಕು.

```
T = m v² / r
T1 = 0.05 × 64 / 0.8 = 4 N
T2 = 0.05 × 256 / 0.4 = 32 N
```

ಎಂಟು ಪಟ್ಟು! ಜವದ ವರ್ಗದಿಂದ ನಾಲ್ಕು ಪಟ್ಟು, ತ್ರಿಜ್ಯ ಅರ್ಧವಾದದ್ದರಿಂದ ಇನ್ನೆರಡು ಪಟ್ಟು. ಈ ಪ್ರಯೋಗ ಮಾಡಿದವರಿಗೆ ಕೊನೆಕೊನೆಗೆ ಕೈ ಸೋಲುವುದು ಇದಕ್ಕೇ.

ಗುರುತ್ವ ಬಿಟ್ಟದ್ದು ಸರಿಯೇ? ಕಲ್ಲಿನ ಭಾರ ಸುಮಾರು 0.49 N. ಅದರಿಂದ ದಾರ ಮೊದಲು ಸುಮಾರು 7 ಡಿಗ್ರಿ ಜೋತಿರುತ್ತದೆ, ಕೊನೆಗೆ 1 ಡಿಗ್ರಿಗಿಂತ ಕಡಿಮೆ. ಪರವಾಗಿಲ್ಲ. ಕಲ್ಲನ್ನು ಬಹಳ ನಿಧಾನವಾಗಿ ಸುತ್ತಿಸಿದ್ದರೆ ಹೀಗೆ ಬಿಡುವಂತಿರಲಿಲ್ಲ.

ಇಲ್ಲೇ ತರಗತಿಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಏಳುತ್ತದೆ. ದಾರದ ಎಳೆತ ಕಲ್ಲಿನ ಚಲನೆಗೆ ಲಂಬವಾಗಿದೆ ಅಲ್ವಾ? ಲಂಬವಾದ ಬಲ ಕೆಲಸ ಮಾಡುವುದಿಲ್ಲ. ಹಾಗಾದರೆ ಜವ ಜಾಸ್ತಿ ಆದದ್ದು ಹೇಗೆ? ತ್ರಿಜ್ಯ ಬದಲಾಗದೆ ಇರುವಾಗ ಮಾತ್ರ ಎಳೆತ ಲಂಬ. ನೀವು ಎಳೆಯುತ್ತಿರುವಾಗ ಕಲ್ಲಿನ ದಾರಿ ವೃತ್ತವಲ್ಲ, ಒಳಕ್ಕೆ ಸುತ್ತುವ ಸುರುಳಿ. ಆಗ ವೇಗಕ್ಕೆ ಒಳಮುಖದ ಒಂದು ಸಣ್ಣ ಭಾಗ ಇರುತ್ತದೆ, ಎಳೆತವೂ ಆ ಕಡೆಗೇ ಇರುತ್ತದೆ. ಆ ಸಣ್ಣ ಭಾಗದ ಮೂಲಕವೇ ನಿಮ್ಮ ಕೈಯ ಕೆಲಸ ಕಲ್ಲಿಗೆ ಸೇರುತ್ತದೆ. ಲೆಕ್ಕ ಹಾಕಿ ನೋಡೋಣ. ಯಾವುದೇ ತ್ರಿಜ್ಯದಲ್ಲಿ v = 6.4/r. ಹಾಗಾಗಿ T = 2.048/r³.

```
W = ∫ T dr   (r = 0.4 ರಿಂದ 0.8)
  = 1.024 × (1/0.16 − 1/0.64) = 4.8 J
```

ಚಲನ ಶಕ್ತಿ ಮೊದಲು 1.6 J, ಆಮೇಲೆ 6.4 J. ವ್ಯತ್ಯಾಸ ಸರಿಯಾಗಿ 4.8 J. ಸುಮ್ನೆ 4 ಮತ್ತು 32ರ ಸರಾಸರಿ 18 N ತೆಗೆದು 0.4 ಮೀಟರಿನಿಂದ ಗುಣಿಸಿದರೆ 7.2 J ಬರುತ್ತದೆ, ಅದು ತಪ್ಪು. ಬಿಗಿತ ಒಂದೇ ಸಮನೆ ಏರುವುದಿಲ್ಲ, ಕೊನೆಯಲ್ಲಿ ದಿಢೀರನೆ ಏರುತ್ತದೆ.

ಇದೇ ರೀತಿ ಕಾಣುವ ಇನ್ನೊಂದು ಲೆಕ್ಕ ಪರೀಕ್ಷೆಯಲ್ಲಿ ಕಾಡುತ್ತದೆ. ದಾರವನ್ನು ಯಾರೂ ಎಳೆಯುವುದಿಲ್ಲ, ಅದು ದಪ್ಪ ಕಂಬಕ್ಕೆ ತಾನೇ ಸುತ್ತಿಕೊಳ್ಳುತ್ತಾ ಗಿಡ್ಡವಾಗುತ್ತದೆ. ಅಲ್ಲಿ mvr ಸೂತ್ರ ಹಚ್ಚಬೇಡಿ. ದಾರ ಕಂಬದ ಅಂಚಿಗೆ ಎಳೆಯುತ್ತದೆಯೇ ಹೊರತು ನಡುವಿಗಲ್ಲ, ಹಾಗಾಗಿ ಟಾರ್ಕ್ ಇದೆ. ಆದರೆ ಎಳೆತ ಪ್ರತಿ ಕ್ಷಣವೂ ವೇಗಕ್ಕೆ ಲಂಬವಾಗಿರುವುದರಿಂದ ಕೆಲಸ ಸೊನ್ನೆ. ಅಲ್ಲಿ ಜವ ಬದಲಾಗುವುದೇ ಇಲ್ಲ.

ಕೊಳವೆಯ ಲೆಕ್ಕಕ್ಕೆ ನಿಜವಾದ ಜೋಡಿ ಆಕಾಶದಲ್ಲಿದೆ. ಸೂರ್ಯನ ಎಳೆತವೂ ಒಂದೇ ಬಿಂದುವಿನ ಕಡೆಗೆ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ 14.71 ಕೋಟಿ ಕಿ.ಮೀ. ದೂರದಲ್ಲಿ ಸೆಕೆಂಡಿಗೆ 30.29 ಕಿ.ಮೀ. ಓಡುತ್ತದೆ. ಜುಲೈನಲ್ಲಿ 15.21 ಕೋಟಿ ಕಿ.ಮೀ. ದೂರ, 29.29 ಕಿ.ಮೀ. ಜವ. ಎರಡೂ ಜೋಡಿಗಳನ್ನು ಗುಣಿಸಿ ನೋಡಿ, ಉತ್ತರ ಹೆಚ್ಚುಕಡಿಮೆ ಒಂದೇ.

ಕೊನೆಯ ಭಾಗ: ದಾರ 50 N ಬಿಗಿತಕ್ಕೆ ಕಿತ್ತುಹೋಗುತ್ತದೆ ಅಂದುಕೊಳ್ಳಿ. ಎಲ್ಲಿಯವರೆಗೆ ಎಳೆಯಬಹುದು?

```
r³ = 2.048 / 50 = 0.041
r ≈ 0.345 m,  v ≈ 18.6 m/s
```

ಅಂದರೆ 40 ಸೆಂ.ಮೀ. ದಾಟಿ ಇನ್ನು ಐದೂವರೆ ಸೆಂ.ಮೀ. ಎಳೆದರೆ ದಾರ ಹೋಯಿತು. ಕಲ್ಲು ಸ್ಪರ್ಶರೇಖೆಯ ದಿಕ್ಕಿನಲ್ಲಿ ಗಂಟೆಗೆ ಸುಮಾರು 67 ಕಿ.ಮೀ. ಜವದಲ್ಲಿ ಹಾರುತ್ತದೆ. ಪ್ರಯೋಗಾಲಯದಲ್ಲಿ ಕಲ್ಲಿನ ಬದಲು ರಬ್ಬರ್ ಬಿರಡೆ ಕಟ್ಟಿ.